‘ಇದು’, ‘ಅದು’ ಗೊತ್ತು. ನಡುವೆ ಇದ್ದ ‘ಉದು’ ಎಲ್ಲಿ ಹೋಯಿತು?

ಸುಮಾ_ಸ್ಕಾರ್ಬರೋ

ಎಲ್ಲರಿಗೂ ನಮಸ್ಕಾರ. ನಮ್ಮೂರು ತುಮಕೂರು, ಈಗ ಇರೋದು ಟೊರಾಂಟೊದ ಸ್ಕಾರ್ಬರೋದಲ್ಲಿ. ಇಲ್ಲಿ ಜಾಫ್ನಾ ಕಡೆಯ ತಮಿಳರು ತುಂಬ ಇದ್ದಾರೆ, ನಮ್ಮ ಲ್ಯಾಬಲ್ಲೂ ಒಬ್ಬ ಅಕ್ಕ ಇದ್ದಾರೆ. ನಾನು ಚೆನ್ನೈನಲ್ಲಿ ಓದಿದ್ದರಿಂದ ತಮಿಳು ಅರ್ಥ ಆಗುತ್ತೆ. ಚೆನ್ನೈ ತಮಿಳಲ್ಲಿ ನಮ್ಮ ಹಾಗೇ ಇದು, ಅದು, ಅಷ್ಟೇ. ಆದರೆ ಈ ಅಕ್ಕ ನನ್ನ ಕೈಯಲ್ಲಿರೋ ಡಬ್ಬಿ ತೋರಿಸಿ ‘ಉದು’ ಅಂತಾರೆ. ನಾನು ಕೂತಿರೋ ಜಾಗಕ್ಕೆ ‘ಉಂಗೆ’. ಇದು ಅಂತಲೂ ಅಲ್ಲ, ಅದು ಅಂತಲೂ ಅಲ್ಲ.

ಎರಡು ಪ್ರಶ್ನೆ. ಈ ‘ಉದು’ ಅಂದರೆ ಹತ್ತಿರಕ್ಕೂ ದೂರಕ್ಕೂ ನಡುವಿನ ಅಳತೆಯಾ, ಅಥವಾ ‘ನಿನ್ನ ಹತ್ತಿರ ಇರೋದು’ ಅಂತಲಾ? ಮತ್ತೆ, ಕನ್ನಡದಲ್ಲೂ ಇಂಥದ್ದು ಯಾವಾಗಲಾದರೂ ಇತ್ತಾ?

ಗಾವುದ_ಗಣಪ

ಹತ್ತಿರ, ದೂರ, ನಡುವಿನ ದೂರ ಎಲ್ಲಕ್ಕೂ ನಮ್ಮಲ್ಲಿ ಹಳೆಯ ಅಳತೆಗಳೇ ಇವೆ ಮೇಡಂ. ಮೊಳ, ಮಾರು, ಕೂಗಳತೆ, ಹರದಾರಿ, ಗಾವುದ. ನಡುವಿನ ದೂರ ಅಂದರೆ ಕೂಗಳತೆ ಅಂತಿಟ್ಟುಕೊಳ್ಳಿ. ನಮ್ಮ ತಾತ ಪಕ್ಕದ ಊರಿಗೆ ‘ಎರಡು ಕೂಗಳತೆ’ ಅಂತಲೇ ಹೇಳ್ತಿದ್ದರು. ಈಗಿನವರಿಗೆ ಎಲ್ಲ ಕಿಲೋಮೀಟರು.

ಸುಮಾ_ಸ್ಕಾರ್ಬರೋ

ಗಣಪ ಅವರೇ, ಕೂಗಳತೆ ಚೆನ್ನಾಗಿದೆ, ಆದರೆ ನಾನು ಕೇಳಿದ್ದು ಅಳತೆಯ ಮಾತಲ್ಲ. ಒಂದು ವಸ್ತುವನ್ನ ಬೆರಳು ಮಾಡಿ ತೋರಿಸುವಾಗ ಬಾಯಲ್ಲಿ ಯಾವ ಪದ ಬರುತ್ತೆ ಅನ್ನೋದರ ಬಗ್ಗೆ.

ಹಳೆಹೊತ್ತಿಗೆ

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಇತ್ತು. ಹಳಗನ್ನಡದಲ್ಲಿ ಇವಂ, ಅವಂ ಜೊತೆಗೆ ಉವಂ ಅಂತ ಒಂದಿತ್ತು, ಇದು ಅದು ಜೊತೆಗೆ ಉದು ಇತ್ತು. ಕಿಟ್ಟೆಲ್ಲರ ನಿಘಂಟು (1894) ತೆಗೆದು ‘ಉ’ ಅಕ್ಷರದ ಕೆಳಗೆ ನೋಡಿ, ತೀರ ಹತ್ತಿರವೂ ಅಲ್ಲದ ತೀರ ದೂರವೂ ಅಲ್ಲದ ನಡುವಿನದು ಎಂಬ ಅರ್ಥದಲ್ಲಿ ಸಿಗುತ್ತದೆ. ತಮಿಳಿನ ತೊಲ್ಕಾಪ್ಪಿಯಂ ಅ, ಇ, ಉ ಈ ಮೂರನ್ನೂ ಒಟ್ಟಿಗೆ ಸುಟ್ಟು, ಅಂದರೆ ತೋರಿಸುವ ಅಕ್ಷರಗಳು ಎನ್ನುತ್ತದೆ. ಹಾಗಾಗಿ ಇದು ಜಾಫ್ನಾದವರು ಹೊಸದಾಗಿ ಕಟ್ಟಿಕೊಂಡದ್ದಲ್ಲ. ದ್ರಾವಿಡ ನುಡಿಗಳಿಗೆಲ್ಲ ಹಿಂದೆ ಸೇರಿದ್ದನ್ನು ಅವರು ಉಳಿಸಿಕೊಂಡಿದ್ದಾರೆ, ನಾವೂ ಚೆನ್ನೈನವರೂ ಬಿಟ್ಟಿದ್ದೇವೆ. ಒಡಿಶಾದ ಕುಯಿ, ಕುವಿ ನುಡಿಗಳಂತೂ ಮೂರಕ್ಕೂ ನಿಲ್ಲದೆ ನಾಲ್ಕು ಹಂತ ಮಾಡಿಕೊಂಡಿವೆ.

ಕನ್ನಡದ ಈ ಗುಂಪು ಎಷ್ಟು ಅಚ್ಚುಕಟ್ಟಾದದ್ದು ಅಂತ ನಾವು ಗಮನಿಸೋದೇ ಕಡಿಮೆ. ಇಲ್ಲಿ, ಅಲ್ಲಿ, ಎಲ್ಲಿ. ಈಗ, ಆಗ, ಯಾವಾಗ. ಹೀಗೆ, ಹಾಗೆ, ಹೇಗೆ. ಇಷ್ಟು, ಅಷ್ಟು, ಎಷ್ಟು. ಇಂದು, ಅಂದು, ಎಂದು. ಒಂದೇ ಸ್ವರ ಬದಲಾಯಿಸಿದರೆ ಜಾಗ, ಕಾಲ, ರೀತಿ, ಪ್ರಮಾಣ ಎಲ್ಲ ಬದಲಾಗುತ್ತದೆ. ಈ ಸಾಲಿನಲ್ಲಿ ಒಂದು ಕಂಬ ಬಿದ್ದುಹೋಗಿದೆ, ಅದೇ ಉ.

ಮೊದಲನೇ ಪ್ರಶ್ನೆ ಕಷ್ಟದ್ದು. ಅದಕ್ಕೆ ನಿಘಂಟು ಸಾಕಾಗೋದಿಲ್ಲ. ಸಂಜೆ ಬರೆಯುತ್ತೇನೆ.

ಕಡಲತಡಿ

ಅಯ್ಯೋ ಮಾರಾಯ್ರೆ, ಎಲ್ಲಿಯೂ ಹೋಗಿಲ್ಲ, ನಮ್ಮ ತುಳುವಿನಲ್ಲಿಯೇ ಉಂಟಲ್ಲ! ‘ಉಂದು ದಾನೆ?’ ಅಂತ ದಿನಾ ಕೇಳುತ್ತೇವೆ. ಉಡುಪಿಗೆ ಬನ್ನಿ, ನಡುವಿನ ಪದ ಬೇಕಾದಷ್ಟು ಸಿಗ್ತದೆ.

ಹಳೆಹೊತ್ತಿಗೆ

ಕಡಲತಡಿ, ಅರ್ಧ ಸರಿ ಹೇಳಿದಿರಿ. ರೂಪದಲ್ಲಿ ಉ ಇದೆ, ಅರ್ಥದಲ್ಲಿ ನಡು ಇಲ್ಲ. ನಿಮ್ಮ ಕೈಯಲ್ಲೇ ಇರುವ ತಟ್ಟೆಗೆ ಏನಂತೀರಿ? ‘ಉಂದು’ ತಾನೇ? ನಾನು ಹಿಡಿದಿರುವ ತಟ್ಟೆಯನ್ನು ಆ ತುದಿಯಿಂದ ತೋರಿಸಿದರೆ ‘ಅವು’. ಅಂದರೆ ತುಳುವಿನಲ್ಲಿ ಈಗ ಇರುವುದು ಎರಡೇ, ಹತ್ತಿರದ್ದಕ್ಕೆ ಉಂದು, ದೂರದ್ದಕ್ಕೆ ಅವು. ಮನುಷ್ಯರಿಗೂ ಹಾಗೇ: ಇಂಬೆ, ಆಯೆ, ಮೋಳು, ಆಳು. ಮೂರನೆಯವ ಎಲ್ಲಿ?

ಕಡಲತಡಿ

ಹೌದಲ್ಲ. ಕೈಯಲ್ಲಿದ್ದದ್ದಕ್ಕೆ ಉಂದು ಅಂತಲೇ ಹೇಳುವುದು. ಆದರೆ ಕೆಲವು ಮನೆಗಳಲ್ಲಿ ‘ಇಂದು’ ಅಂತಲೂ ಹೇಳ್ತಾರೆ, ಬ್ರಾಹ್ಮಣರ ತುಳುವಿನಲ್ಲಿ ವಿಶೇಷವಾಗಿ. ಹಾಗಾದರೆ ನಮ್ಮ ಉಂದು ಆ ಹಳೆಯ ಉ ದಿಂದ ಬಂದು ಹತ್ತಿರಕ್ಕೆ ಜಾರಿತೋ, ಇಲ್ಲ ಇಂದು ಅನ್ನುವುದೇ ಬಾಯಲ್ಲಿ ಉಂದು ಆಯಿತೋ?

ಹಳೆಹೊತ್ತಿಗೆ

ಎರಡಕ್ಕೂ ವಾದ ಇಡಬಹುದು. ನಾನು ಮೊದಲನೆಯದರ ಕಡೆ ವಾಲುತ್ತೇನೆ, ಆದರೆ ಅದಕ್ಕೋಸ್ಕರ ಜಗಳ ಆಡುವಷ್ಟು ಗಟ್ಟಿ ಆಧಾರ ನನ್ನಲ್ಲಿಲ್ಲ.

ನೇರನುಡಿ

ಇದರಲ್ಲಿ ಗೊಂದಲ ಏನಿದೆ? ಕನ್ನಡ, ತೆಲುಗಿನ ಮೇಲೆ ಸಂಸ್ಕೃತದ ಪ್ರಭಾವ ಬಿತ್ತು, ಮೂರು ಇದ್ದದ್ದು ಎರಡಾಯಿತು. ಸಂಸ್ಕೃತ ಕಡಿಮೆ ಮುಟ್ಟಿದ ಜಾಫ್ನಾದಲ್ಲಿ ಉಳಿಯಿತು. ಎಲ್ಲ ಕಡೆ ಇದೇ ಕಥೆ.

ನಿವೃತ್ತ_ಮೇಷ್ಟ್ರು

ನೇರನುಡಿಯವರೇ, ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವನು ನಾನು. ಸಂಸ್ಕೃತದಲ್ಲಿ ಎರಡಲ್ಲ, ನಾಲ್ಕು ಇವೆ. ಮಕ್ಕಳಿಗೆ ಬಾಯಿಪಾಠ ಮಾಡಿಸುವ ಹಳೆಯ ಶ್ಲೋಕವೇ ಇದೆ:

ಇದಮಸ್ತು ಸನ್ನಿಕೃಷ್ಟಂ ಸಮೀಪತರವರ್ತಿ ಚೈತದೋ ರೂಪಮ್ |
ಅದಸಸ್ತು ವಿಪ್ರಕೃಷ್ಟಂ ತದಿತಿ ಪರೋಕ್ಷೇ ವಿಜಾನೀಯಾತ್ ||

ಇದಮ್ ಹತ್ತಿರದ್ದಕ್ಕೆ, ಏತದ್ ಇನ್ನೂ ಹತ್ತಿರದ್ದಕ್ಕೆ, ಅದಸ್ ದೂರದ್ದಕ್ಕೆ, ತದ್ ಕಣ್ಣಿಗೆ ಕಾಣದ್ದಕ್ಕೆ. ನಾಲ್ಕು ಇಟ್ಟುಕೊಂಡ ಭಾಷೆ ಬಂದು ಮೂರನ್ನು ಎರಡು ಮಾಡಿತು ಅನ್ನುವುದು ಹೇಗೆ? ಕಳೆದದ್ದಕ್ಕೆಲ್ಲ ಸಂಸ್ಕೃತ ಕಾರಣ, ಗಳಿಸಿದ್ದಕ್ಕೆಲ್ಲ ಸಂಸ್ಕೃತ ಕಾರಣ, ಈ ಎರಡು ಕಾಯಿಲೆಗಳೂ ನಮ್ಮಲ್ಲಿವೆ.

ನೇರನುಡಿ

ಶ್ಲೋಕ ಪುಸ್ತಕದ ಮಾತು ಮೇಷ್ಟ್ರೇ. ನಮ್ಮ ಮೇಲೆ ಪ್ರಭಾವ ಬೀರಿದ್ದು ಆಡುಮಾತಿನ ಪ್ರಾಕೃತ. ಹಿಂದಿಯಲ್ಲಿ ಯಹ್, ವಹ್ ಎರಡೇ, ಮರಾಠಿಯಲ್ಲಿ ಹಾ, ತೋ ಎರಡೇ. ಅಕ್ಕಪಕ್ಕದವರು ಎರಡಾದಾಗ ನಾವೂ ಎರಡಾದೆವು. ಇದನ್ನ ತಳ್ಳಿಹಾಕಿ ನೋಡೋಣ.

ಹಳೆಹೊತ್ತಿಗೆ

ಇದನ್ನು ಪೂರ್ತಿ ತಳ್ಳಿಹಾಕೋದಕ್ಕೆ ಆಗೋದಿಲ್ಲ, ಒಪ್ಪುತ್ತೇನೆ. ಆದರೆ ಹಾಗಿದ್ದರೆ ತಮಿಳುನಾಡಿನ ಆಡುಮಾತಿನಲ್ಲಿ ಯಾಕೆ ಹೋಯಿತು? ಅವರ ಪಕ್ಕದಲ್ಲಿ ಮರಾಠಿ ಇರಲಿಲ್ಲ. ಜಾಫ್ನಾದಲ್ಲಿ ಯಾಕೆ ಉಳಿಯಿತು ಅನ್ನುವುದಕ್ಕೆ ಅದರ ನೆರೆಮನೆಯನ್ನು ನೋಡಬೇಕು, ಸಿಂಹಳವನ್ನು. ಯಾರಾದರೂ ಸಿಂಹಳ ಬಲ್ಲವರು ಇದ್ದೀರಾ?

ಇನ್ನೊಂದು ವಿಷಯ. ಎರಡಕ್ಕೆ ಇಳಿಯುವುದು ನಮ್ಮ ಭಾಗದ ವಿಶೇಷವೇನೂ ಅಲ್ಲ. ಹೋಲ್ಗರ್ ಡೀಸೆಲ್ ಎಂಬ ಭಾಷಾವಿಜ್ಞಾನಿ ಲೋಕದ 234 ಭಾಷೆಗಳನ್ನು ಹೋಲಿಸಿ ನಕ್ಷೆ ಮಾಡಿದ್ದಾರೆ. ಅದರಲ್ಲಿ 127 ಭಾಷೆಗಳು ಎರಡು ಹಂತದವು, 88 ಮೂರು ಹಂತದವು. ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಹಂತದವು ಬೆರಳೆಣಿಕೆಯಷ್ಟು. ಮೂರರಿಂದ ಎರಡಕ್ಕೆ ಜಾರುವುದು ಸಹಜವಾಗಿಯೇ ನಡೆಯುತ್ತದೆ, ಪ್ರತಿ ಸಲವೂ ಯಾರೋ ತಳ್ಳಬೇಕೆಂದಿಲ್ಲ.

ಕೊಲಂಬೊ_ರವಿ

ನಾನು ಬಲ್ಲೆ, ಬಜಾರ್ ಮಟ್ಟಿಗೆ. ಗಾರ್ಮೆಂಟ್ಸ್ ಕೆಲಸದ ಮೇಲೆ ಅಲ್ಲಿದ್ದೆ. ಸಿಂಹಳದಲ್ಲಿ ನಾಲ್ಕು. ‘ಮೇ’ ಅಂದರೆ ನನ್ನ ಹತ್ತಿರದ್ದು. ‘ಓಯ’ ಅಂದರೆ ನಿಮ್ಮ ಹತ್ತಿರದ್ದು. ‘ಅರ’ ಅಂದರೆ ಇಬ್ಬರಿಗೂ ದೂರ, ಆದರೆ ಕಣ್ಣಿಗೆ ಕಾಣಬೇಕು. ‘ಏ’ ಅಂದರೆ ಎದುರಿಗಿಲ್ಲ, ಮಾತಲ್ಲಿ ಬಂದದ್ದು.

ನಾನು ಮೊದಮೊದಲು ಎಲ್ಲದಕ್ಕೂ ಕನ್ನಡದ ಲೆಕ್ಕ ಹಾಕಿ ಮೇ, ಅರ ಎರಡರಲ್ಲೇ ಕೆಲಸ ನಡೆಸುತ್ತಿದ್ದೆ. ಟೇಬಲ್ಲಿನ ಆಚೆ ಕೂತಿದ್ದ ಸೂಪರ್‌ವೈಸರ್ ಮುಂದಿದ್ದ ಬಟ್ಟೆ ತೋರಿಸಿ ‘ಅರ’ ಅಂದರೆ ಆತ ತನ್ನ ಮುಂದಿನದನ್ನ ಬಿಟ್ಟು ಹಿಂದಿರುಗಿ ಗೋಡೆ ಕಡೆ ನೋಡುತ್ತಿದ್ದ. ಅವನ ಕೈ ಹತ್ತಿರ ಇರೋದಕ್ಕೆ ನಾನು ‘ಅರ’ ಅನ್ನೋದು ಅವನ ತಲೆಗೆ ಹೊಳೆಯುತ್ತಲೇ ಇರಲಿಲ್ಲ.

ಇನ್ನೊಂದು ಮಜಾ. ಸಿಂಹಳದಲ್ಲಿ ಸಲಿಗೆಯಿಂದ ‘ನೀನು’ ಅನ್ನೋದಕ್ಕೆ ‘ಓಯಾ’ ಅಂತಾರೆ. ‘ನಿನ್ನ ಹತ್ತಿರದ್ದು’ ಅನ್ನೋ ಪದವೇ ‘ನೀನು’ ಆಗಿದೆ.

ನಿವೃತ್ತ_ಮೇಷ್ಟ್ರು

ರವಿಯವರೇ, ನೀವು ಹೇಳಿದ ‘ಏ’ ನಮ್ಮ ತದ್ ಇದ್ದ ಹಾಗೇ ಇದೆ, ಪರೋಕ್ಷ. ಇನ್ನು ‘ಓಯ’ ಮಾತ್ರ ಶ್ಲೋಕದಲ್ಲಿ ಇಲ್ಲ. ಶ್ಲೋಕದ ನಾಲ್ಕೂ ಹೇಳುವವನನ್ನೇ ಕೇಂದ್ರ ಮಾಡಿಕೊಂಡಿವೆ, ಕೇಳುವವನಿಗೆ ಅಲ್ಲಿ ಜಾಗವಿಲ್ಲ.

ಹಳೆಹೊತ್ತಿಗೆ

ಮೇಷ್ಟ್ರು ಸುಮಾ ಅವರ ಪ್ರಶ್ನೆಯ ಗಂಟಿಗೇ ಕೈ ಹಾಕಿದರು. ಸಂಜೆಯ ಉತ್ತರ ಇಲ್ಲಿಂದಲೇ ಶುರು ಮಾಡುತ್ತೇನೆ.

ಮೂರು ಹಂತ ಇರುವ ಭಾಷೆಗಳಲ್ಲಿ ಎರಡು ಜಾತಿ. ಒಂದು ಜಾತಿಯಲ್ಲಿ ನಡುವಿನ ಪದ ನಿಜವಾಗಿ ನಡುವಿನ ದೂರಕ್ಕೆ, ಅಳೆಯುವುದು ಮಾತಾಡುವವನಿಂದ. ಇನ್ನೊಂದು ಜಾತಿಯಲ್ಲಿ ಅದು ಕೇಳುವವನ ಹತ್ತಿರದ್ದಕ್ಕೆ. ಅವನು ಹತ್ತು ಅಡಿ ದೂರದಲ್ಲಿದ್ದರೂ, ಫೋನಿನ ಆ ತುದಿಯಲ್ಲಿ ಬೇರೆ ದೇಶದಲ್ಲಿದ್ದರೂ ಅದೇ ಪದ. ಜಪಾನಿಯ ಕೊ, ಸೊ, ಅ ಮೂರರಲ್ಲಿ ಸೊ ಬಹುಮಟ್ಟಿಗೆ ಈ ಎರಡನೇ ಜಾತಿಯದು. ಸ್ಪ್ಯಾನಿಷ್ ಎಸ್ಸೆ ಎಂಬುದು ಯಾವ ಜಾತಿ ಅಂತ ಪಂಡಿತರೇ ಇನ್ನೂ ಎಳೆದಾಡುತ್ತಿದ್ದಾರೆ. ಜಾಫ್ನಾದ ಉ ಬಗ್ಗೆಯೂ ಎರಡೂ ವಿವರಣೆ ಓದಲು ಸಿಗುತ್ತದೆ, ತಮಿಳು ನಿಘಂಟುಗಳೂ ‘ನಡುವಿನದು ಅಥವಾ ಕೇಳುವವನ ಹತ್ತಿರದ್ದು’ ಎಂದು ಎರಡನ್ನೂ ಕೂಡಿಸಿಯೇ ಕೊಡುತ್ತವೆ.

ಆ ಅಕ್ಕ ಹೇಳಿದ ಉದಾಹರಣೆ ಕೇಳಿ ಇದನ್ನು ತೀರ್ಮಾನಿಸಲಾಗದು. ನೀವು ಅವರ ಎದುರು ನಾಲ್ಕಡಿ ದೂರದಲ್ಲಿ ಡಬ್ಬಿ ಹಿಡಿದು ನಿಂತಾಗ ಆ ಡಬ್ಬಿ ನಡುವಿನ ದೂರದಲ್ಲೂ ಇದೆ, ನಿಮ್ಮ ಹತ್ತಿರವೂ ಇದೆ. ಎರಡೂ ವಿವರಣೆ ಹೊಂದುತ್ತವೆ. ಬೇರ್ಪಡಿಸಬೇಕಾದರೆ ಪಕ್ಕಪಕ್ಕ ಕೂರಬೇಕು.

ಹೀಗೆ ಮಾಡಿ. ಉದ್ದನೆ ಮೇಜಿನ ಮೇಲೆ ಒಂದೇ ಥರದ ಮೂರು ಲೋಟ ಸಾಲಾಗಿಡಿ. ಮೊದಲನೆಯದು ಕೈಗೆ ಸಿಗುವ ಹಾಗೆ, ಎರಡನೆಯದು ಎದ್ದು ಬಾಗಿದರೆ ಸಿಗುವ ಹಾಗೆ, ಮೂರನೆಯದು ಆ ತುದಿಯಲ್ಲಿ. ಮೊದಲ ಸಲ ನೀವಿಬ್ಬರೂ ಒಂದೇ ತುದಿಯಲ್ಲಿ ಭುಜಕ್ಕೆ ಭುಜ ತಾಗುವಂತೆ ಕೂತುಕೊಳ್ಳಿ. ಈಗ ಅವರ ಹತ್ತಿರದ್ದೂ ನಿಮ್ಮ ಹತ್ತಿರದ್ದೂ ಒಂದೇ. ಈ ಸ್ಥಿತಿಯಲ್ಲೂ ನಡುವಿನ ಲೋಟಕ್ಕೆ ‘ಉದು’ ಬಂದರೆ ಅದು ದೂರದ ಲೆಕ್ಕ. ಬಾರದೆ ಬರೀ ಇದು, ಅದು ಬಂದರೆ ದೂರದ ಲೆಕ್ಕ ಬಿದ್ದುಹೋಯಿತು. ಎರಡನೇ ಸಲ ನೀವು ಎದ್ದು ಆ ತುದಿಗೆ ಹೋಗಿ ಕೂರಿ. ಲೋಟಗಳು ಕದಲಬಾರದು. ಆಗ ಮೂರನೇ ಲೋಟ ಅವರಿಗೆ ಅಷ್ಟೇ ದೂರ, ಆದರೆ ನಿಮ್ಮ ಮುಂದಿದೆ. ಮೊದಲು ‘ಅದು’ ಅಂದದ್ದನ್ನು ಈಗ ‘ಉದು’ ಅಂದರೆ ಕೇಳುವವರ ಲೆಕ್ಕ ಗೆದ್ದಿತು.

ಎಚ್ಚರ ಬೇಕಾದ ಕಡೆ ಒಂದಿದೆ. ‘ಇದಕ್ಕೆ ನೀವು ಏನಂತೀರಿ?’ ಅಂತ ಕೇಳಬೇಡಿ. ಕೇಳಿದ ತಕ್ಷಣ ಜನ ಶಾಲೆಯ ವ್ಯಾಕರಣ ನೆನೆದು ಉತ್ತರ ಕೊಡುತ್ತಾರೆ, ಅದು ಅವರು ಆಡುವ ಮಾತಲ್ಲ. ಲೋಟಗಳ ಅಡಿ ಚೀಟಿ ಇಟ್ಟು, ಯಾವುದರಲ್ಲಿ ಏನಿದೆ ಊಹಿಸುವ ಆಟ ಮಾಡಿ. ಗಮನ ಆಟದ ಮೇಲಿದ್ದರೆ ಪದ ತಾನಾಗಿ ಬರುತ್ತದೆ. ಲೋಟವನ್ನು ಅವರೇ ಇಡದಂತೆಯೂ ನೋಡಿಕೊಳ್ಳಿ, ತಾನು ಇಟ್ಟದ್ದು ತನಗೆ ಹತ್ತಿರ ಅನ್ನಿಸುವುದು ಸಾಮಾನ್ಯ.

ಇಂಥ ಪರೀಕ್ಷೆಗಳಿಗೆ ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಡೇವಿಡ್ ವಿಲ್ಕಿನ್ಸ್ 1999ರಲ್ಲಿ 25 ಸನ್ನಿವೇಶಗಳ ಚಿತ್ರಮಾಲೆ ಮಾಡಿದ್ದಾರೆ. ಅದರಲ್ಲಿ ತನ್ನ ಹಲ್ಲನ್ನು ತೋರಿಸುವುದು, ಎದುರಿನವನ ಹಲ್ಲನ್ನು ತೋರಿಸುವುದು ಕೂಡ ಇವೆ. ಹಲ್ಲು ಯಾಕೆ ಅಂದರೆ ಅದು ಎದುರಿನವನದ್ದೇ, ಎತ್ತಿಡಲಾಗದು.

ಬೆಂಚುಮೂಲೆ

ಹಲ್ಲಿನ ವಿಷಯ ಬಂತಲ್ಲ, ನಾನು ಹಲ್ಲಿನ ಡಾಕ್ಟರು. ದಿನಾ ಇದೇ ಕೆಲಸ. ಕನ್ನಡದಲ್ಲಿ ನಾನು ಪೇಷಂಟ್ ಬಾಯಲ್ಲಿ ಪ್ರೋಬ್ ಇಟ್ಟು ಮುಟ್ಟಿದರೆ ‘ಈ ಹಲ್ಲಾ ನೋಯೋದು?’ ಅಂತೀನಿ. ಅವರೇ ಬೆರಳಿಟ್ಟು ತೋರಿಸುತ್ತಿದ್ದು, ನಾನು ಎರಡು ಹೆಜ್ಜೆ ಹಿಂದೆ ಕೈ ತೊಳೀತಾ ಇದ್ದರೆ ‘ಆ ಹಲ್ಲಾ?’ ಬಂದುಬಿಡುತ್ತೆ. ಅದೇ ಹಲ್ಲು, ಅದೇ ಪೇಷಂಟು. ನನ್ನ ಕೈ ಮುಟ್ಟಿತಾ ಇಲ್ಲವಾ ಅನ್ನೋದೇ ನಿರ್ಧರಿಸುತ್ತೆ.

ಹಳೆಹೊತ್ತಿಗೆ

ಡಾಕ್ಟ್ರೇ, ಚೆನ್ನಾಗಿ ಗಮನಿಸಿದ್ದೀರಿ. ನಿಮ್ಮ ಪ್ರೋಬಿಗೇ ಹೊಂದುವ ಒಂದು ಪ್ರಯೋಗವೂ ಇದೆ. ಕೆನ್ನಿ ಕವೆಂಟ್ರಿ ಮತ್ತು ಜೊತೆಗಾರರು 2008ರಲ್ಲಿ ಇಂಗ್ಲಿಷ್, ಸ್ಪ್ಯಾನಿಷ್ ಆಡುವವರನ್ನು ಮೇಜಿನ ಮುಂದೆ ಕೂರಿಸಿ ಬೇರೆಬೇರೆ ದೂರದಲ್ಲಿ ವಸ್ತು ಇಟ್ಟು ಹೆಸರಿಸಲು ಹೇಳಿದರು. ಕೈಗೆ ಎಟುಕುವ ಗಡಿಯೊಳಗೆ ‘ಇದು’ ಜಾಸ್ತಿ, ಆಚೆಗೆ ಕಡಿಮೆ. ಕೈಗೆ ಒಂದು ಕೋಲು ಕೊಟ್ಟು ಅದರಿಂದ ತೋರಿಸಿ ಅಂದಾಗ ‘ಇದು’ವಿನ ಗಡಿ ಕೋಲಿನ ಜೊತೆ ಮುಂದಕ್ಕೆ ಸರಿಯಿತು. 2023ರಲ್ಲಿ ಇದನ್ನೇ 29 ಭಾಷೆಗಳಿಗೆ ಹಿಗ್ಗಿಸಿದರು. ಎರಡು ಹಂತದ ಭಾಷೆಯಾಗಲಿ ಮೂರರದ್ದಾಗಲಿ, ಕೈಗೆ ಎಟುಕುವುದು ಮತ್ತು ಎಟುಕದ್ದು ಎಂಬ ಗಡಿ ಎಲ್ಲ ಕಡೆ ಕಂಡಿತು. ಕೇಳುವವರು ಎಲ್ಲಿ ಕೂತಿದ್ದಾರೆ ಅನ್ನುವುದಕ್ಕೆ ಬೆಲೆ ಕೊಡುವುದು ಮಾತ್ರ ಭಾಷೆಯಿಂದ ಭಾಷೆಗೆ ಬದಲಾಯಿತು.

ಅಪ್ಪನ_ಮೊಬೈಲು

ನನ್ನ ಕಷ್ಟ ಕೇಳಿ. ನಾನು ಪುಣೆಯಲ್ಲಿ, ಅಪ್ಪ ಶಿರಸಿ ಹತ್ರ ಹಳ್ಳೀಲಿ. ವಿಡಿಯೋ ಕಾಲ್‌ನಲ್ಲಿ ಅವರಿಗೆ ಕರೆಂಟ್ ಬಿಲ್ ಕಟ್ಟೋದು ಹೇಳಿಕೊಡಬೇಕು. ಅವರ ಸ್ಕ್ರೀನ್ ನನಗೆ ಕಾಣತ್ತೆ. ನಾನು ‘ಇದನ್ನ ಒತ್ತಿ’ ಅಂದ್ರೆ ‘ಯಾವ್ದನ್ನ?’ ಅಂತಾರೆ. ‘ಅದನ್ನ ಒತ್ತಿ, ಅಲ್ಲಿ’ ಅಂದ್ರೂ ‘ಎಲ್ಲಿ?’. ಕೊನೆಗೆ ‘ನಿಮ್ಮ ಹೆಬ್ಬೆಟ್ಟಿನ ಕೆಳಗೆ ಹಸಿರು ಬಣ್ಣದ್ದು’ ಅಂದಾಗ ಆಯ್ತು. ಮಧ್ಯದ ಪದ ಇದ್ದಿದ್ರೆ ಉಳೀತಿತ್ತೇನೋ.

ನೇರನುಡಿ

ಉದನ್ನ ಒತ್ತಿ ಅಪ್ಪ!

ಹಳೆಹೊತ್ತಿಗೆ

ಉ ಇದ್ದರೂ ಪೂರ್ತಿ ಉಳಿಯುತ್ತಿರಲಿಲ್ಲ. ಅವರ ಕೈಯಲ್ಲಿರುವ ಇಡೀ ಫೋನೇ ಅವರ ಹತ್ತಿರದ್ದು, ಅದರೊಳಗಿನ ಹತ್ತು ಗುಂಡಿಗಳೂ ‘ಉದು’ ಆಗುತ್ತವೆ. ಬೆರಳು ಕಾಣದಿದ್ದರೆ ಯಾವ ಭಾಷೆಯ ಯಾವ ತೋರುಪದವೂ ಕುಂಟುತ್ತದೆ. ಆದರೆ ನಿಮ್ಮ ‘ಅಲ್ಲಿ’ ಯಾಕೆ ಎಡವಿತು ಅನ್ನುವುದು ಕನ್ನಡದ್ದೇ ತೊಂದರೆ. ನಮ್ಮಲ್ಲಿ ಕೇಳುವವನ ಜಾಗವೂ ‘ಅಲ್ಲಿ’, ಮೂರನೆಯವನ ಜಾಗವೂ ‘ಅಲ್ಲಿ’. ಫೋನಿನಲ್ಲಿ ‘ಅಲ್ಲಿ ಮಳೆ ಹೇಗೆ?’ ಅಂದರೆ ಶಿರಸಿಯೋ, ಈಗಷ್ಟೇ ಮಾತಾಡುತ್ತಿದ್ದ ತಂಗಿಯ ಮನೆಯ ಊರೋ? ಅದಕ್ಕೇ ನಾವು ‘ನಿಮ್ಮ ಕಡೆ ಮಳೆ ಹೇಗೆ’ ಅನ್ನುತ್ತೇವೆ. ಬಿದ್ದುಹೋದ ಉ ಮಾಡುತ್ತಿದ್ದ ಕೆಲಸವನ್ನು ‘ನಿಮ್ಮ ಕಡೆ’, ‘ನಿನ್ನ ಹತ್ರ ಇರೋದು’ ಇವೆಲ್ಲ ಹಂಚಿಕೊಂಡಿವೆ.

ಕಣ್ಣು ತಿರುಗಿಸುವ ಕೆಲಸಕ್ಕೆ ಬೇರೆ ಪದ ಇದೆ: ‘ಅಗೋ’, ‘ಇಗೋ’. ಎದುರಿನವನು ಇನ್ನೂ ನೋಡಿಲ್ಲದ್ದನ್ನು ನೋಡಿಸುವುದಕ್ಕೆ ಮಾತ್ರ ಅಗೋ. ನೋಡಿಯಾದ ಮೇಲೆ ‘ಅದು’. ಟರ್ಕಿಷ್‌ನಲ್ಲಿ ‘ಶು’ ಅಂತ ಒಂದಿದೆ, ಬಹಳ ಕಾಲ ಅದನ್ನು ನಡುವಿನ ದೂರದ ಪದ ಅಂತಲೇ ಬರೆಯುತ್ತಿದ್ದರು. ಜನ ಮಾತಾಡುವುದನ್ನು ಚಿತ್ರೀಕರಿಸಿ ನೋಡಿದ ಅಸ್ಲಿ ಓಜ್‌ಯುರೆಕ್, ಅದು ದೂರಕ್ಕಲ್ಲ, ಕೇಳುವವರ ಗಮನ ಇನ್ನೂ ವಸ್ತುವಿನ ಮೇಲೆ ಬೀಳದಿದ್ದಾಗ ಬರುತ್ತದೆ ಅಂತ ತೋರಿಸಿದರು. ನನ್ನ ಲೆಕ್ಕದಲ್ಲಿ ನಮ್ಮ ಅಗೋ ಅದರ ಅರ್ಧ ಕೆಲಸ ಮಾಡುತ್ತದೆ.

ಶಾಲ್ಮಲಾ

ನಾ ಧಾರವಾಡದಾಕಿ. ದೂರ ಹತ್ರ ಎಲ್ಲಾ ಖರೆ, ಆದ್ರ ನಮ್ಮ ಮನ್ಯಾಗ ಅವ್ವ ನಮ್ಮ ಅಪ್ಪಗ ‘ಇವ್ರು’ ಅಂತಾಳ. ಅಪ್ಪ ಬೆಳಗಾವಿಗೆ ಹೋಗಿದ್ರೂ ‘ಇವ್ರು ಬೆಳಗಾವಿಗೆ ಹೋಗ್ಯಾರ’. ಊರ ದಾಟಿ ಹೋದ ಮನಶ್ಯಾ ಹೆಂಗ ‘ಇವ್ರು’ ಆಗ್ತಾರ? ನಿಮ್ಮ ಲೋಟದ ಲೆಕ್ಕ ಇಲ್ಲಿ ಹೆಂಗ ಕೂಡ್ತದ, ಹೇಳ್ರಿ.

ನಿವೃತ್ತ_ಮೇಷ್ಟ್ರು

ತಾಯಿ, ಹೆಸರು ಹೇಳಬಾರದು ಅನ್ನುವ ಪದ್ಧತಿಯಿಂದ ಬಂದದ್ದು ಅದು. ಹೆಸರಿನ ಜಾಗದಲ್ಲಿ ಸರ್ವನಾಮ ಕೂತಿದೆ. ನಮ್ಮ ಮನೆಯವಳು ಈಗಲೂ ಹಾಗೇ ಹೇಳುವುದು.

ಶಾಲ್ಮಲಾ

ಹೆಸರ ಹೇಳಬಾರದು ಅಂದ್ರ ‘ಅವ್ರು’ ಅನಬಹುದಿತ್ತಲ್ರಿ. ‘ಇವ್ರು’ನ ಯಾಕ? ಮಾವನ ಸುದ್ದಿ ಬಂದ್ರ ‘ಅವ್ರು’ ಅಂತಾಳ, ಅವ್ರು ಅಲ್ಲೇ ಪಡಸಾಲ್ಯಾಗ ಕುಂತಿದ್ರೂ.

ಹಳೆಹೊತ್ತಿಗೆ

ಶಾಲ್ಮಲಾ ಅವರ ಪ್ರಶ್ನೆಗೆ ಲೋಟದ ಲೆಕ್ಕ ಕೂಡೋದಿಲ್ಲ. ಒಂದೇ ಮಾತಿನಲ್ಲಿ ಬೆಳಗಾವಿಗೆ ಹೋದವರು ‘ಇವರು’, ಪಡಸಾಲೆಯಲ್ಲಿ ಕೂತವರು ‘ಅವರು’. ಇಲ್ಲಿ ಕೈಗೆ ಎಟುಕುವುದಾಗಲಿ ಕಣ್ಣಿಗೆ ಕಾಣುವುದಾಗಲಿ ಲೆಕ್ಕಕ್ಕಿಲ್ಲ. ನಮ್ಮವರು, ಹೇಳುವವಳ ಬಳಗದ ಒಳಗಿನವರು ಅನ್ನುವುದಕ್ಕೆ ಇ. ಗೌರವದಿಂದ ಸ್ವಲ್ಪ ಆಚೆ ನಿಲ್ಲಿಸಬೇಕಾದವರಿಗೆ ಅ. ಕಾಲದ ಪದಗಳಲ್ಲೂ ಇಂಥದ್ದೇ ನಡೆಯುತ್ತದೆ. ಅಂಗಡಿಯಿಂದ ಐದು ನಿಮಿಷ ಹೊರಗೆ ಹೋಗುವವನು ‘ಈಗ ಬಂದೆ’ ಅಂತ ಹೇಳಿ ಹೋಗುತ್ತಾನೆ. ಇನ್ನೂ ಹೊರಟೇ ಇಲ್ಲ, ಬಂದದ್ದು ಆಗಿಹೋಗಿದೆ! ಒಳಗಿಂದ ಕರೆದರೆ ‘ಬಂದೆ, ಬಂದೆ’ ಅನ್ನುತ್ತೇವೆ, ಕುರ್ಚಿಯಿಂದ ಎದ್ದಿರುವುದಿಲ್ಲ. ಕ್ರಿಯಾಪದ ಭೂತಕಾಲ, ಕೆಲಸ ಭವಿಷ್ಯದ್ದು, ಕೇಳುವವನಿಗೆ ಸಿಗುವ ಭರವಸೆ ‘ಆದಹಾಗೇ ಅಂದುಕೊಳ್ಳಿ’.

ಗಾವುದ_ಗಣಪ

‘ಆಗಲೇ ಬಂದ’ ಅಂದರೆ ಮಾತ್ರ ನಿಜವಾಗಿ ಬಂದಿರುತ್ತಾನೆ. ಇದು ಸರಿ ಹೇಳಿದೆ ಅನ್ನಿಸುತ್ತೆ.

ಹಳೆಹೊತ್ತಿಗೆ

ಸರಿಯಾಗೇ ಹೇಳಿದಿರಿ.

ಸುಮಾ_ಸ್ಕಾರ್ಬರೋ

ಆಟ ಆಡಿಸಿದೆ! ಲ್ಯಾಬಿನ ಊಟದ ಮೇಜಿನ ಮೇಲೆ ಮೂರು ಕಾಗದದ ಲೋಟ, ಅಡಿಯಲ್ಲಿ ಚಾಕೊಲೇಟಿನ ಚೀಟಿ. ಅಕ್ಕನಿಗೆ ಪರೀಕ್ಷೆ ಅಂತ ಹೇಳಲಿಲ್ಲ.

ನಾನು ಆ ತುದಿಗೆ ಹೋಗಿ ಕೂತಾಗ ನನ್ನ ಮುಂದಿನ ಲೋಟಕ್ಕೆ ಪ್ರತಿ ಸಲವೂ ‘ಉದು’. ಪಕ್ಕದಲ್ಲಿ ಕೂತಿದ್ದಾಗ ಅದೇ ಲೋಟಕ್ಕೆ ‘ಅದು’ ಅಂದಿದ್ದರು. ಅಂದರೆ ಕೇಳುವವರ ಲೆಕ್ಕ, ತಾನೇ? ಆದರೆ ಪಕ್ಕಪಕ್ಕ ಕೂತಿದ್ದಾಗ ನಡುವಿನ ಲೋಟಕ್ಕೆ ಒಮ್ಮೆ ‘ಅದು’, ಇನ್ನೊಮ್ಮೆ ‘ಉದು’ ಬಂತು. ಆಗ ನಾನು ಆ ಲೋಟವನ್ನೇ ನೋಡುತ್ತಿದ್ದೆ ಅಂತ ನೆನಪು.

ಆಮೇಲೆ ಆಟದ ಹೊರಗೆ ಸಿಕ್ಕದ್ದು ಇನ್ನೂ ಚೆನ್ನಾಗಿದೆ. ನಾನು ಯಾವುದೋ ರಿಪೋರ್ಟಿನ ಬಗ್ಗೆ ಏನೋ ಹೇಳಿದೆ, ಅದಕ್ಕೆ ಅವರು ‘ಉದು ಸರಿಯಿಲ್ಲೈ’ ಅಂದರು. ಅಲ್ಲಿ ವಸ್ತುವೇ ಇರಲಿಲ್ಲ, ನಾನು ಆಡಿದ ಮಾತೇ ‘ಉದು’.

ಕೊಲಂಬೊ_ರವಿ

ಸಿಂಹಳದಲ್ಲೂ ಎದುರಿನವರು ಆಡಿದ ಮಾತಿಗೆ ‘ಓಯ’ ಬರುತ್ತೆ. ಜೊತೆಗಿದ್ದು ಜೊತೆಗಿದ್ದು ಎರಡೂ ಒಂದೇ ದಾರಿ ಹಿಡಿದಿರಬೇಕು.

ಹಳೆಹೊತ್ತಿಗೆ

ಇರಬಹುದು. ಆದರೆ ಯಾರಿಂದ ಯಾರಿಗೆ ಅನ್ನುವುದರಲ್ಲಿ ಜಾಗ್ರತೆ, ತಮಿಳಿನಲ್ಲಿ ಉ ಮೊದಲೇ ಇತ್ತು. ಸಿಂಹಳದ ಒಡನಾಟ ಅದನ್ನು ಹುಟ್ಟಿಸಲಿಲ್ಲ. ಉಳಿಯುವುದಕ್ಕೆ, ಅಥವಾ ‘ನಡು’ವಿನಿಂದ ‘ನಿನ್ನ ಹತ್ತಿರ’ಕ್ಕೆ ವಾಲುವುದಕ್ಕೆ ನೆರವಾಗಿರಬಹುದು.

ಸುಮಾ, ಪಕ್ಕ ಕೂತಾಗ ಬಂದ ಆ ಒಂದು ‘ಉದು’ವೇ ಅಮೂಲ್ಯ. ಅದು ದೂರಕ್ಕೆ ಬಂತೋ ನೀವು ನೋಡುತ್ತಿದ್ದಿರಿ ಅಂತ ಬಂತೋ ತಿಳಿಯಬೇಕಾದರೆ ಇನ್ನೊಂದು ಸುತ್ತು ಬೇಕು. ಈ ಸಲ ಪಕ್ಕದಲ್ಲೇ ಕೂತು, ಒಮ್ಮೆ ನಡುವಿನ ಲೋಟವನ್ನೇ ದಿಟ್ಟಿಸಿ, ಇನ್ನೊಮ್ಮೆ ಬೇಕಂತಲೇ ಕಿಟಕಿ ಕಡೆ ನೋಡುತ್ತಿರಿ. ಜಾಫ್ನಾದವರೇ ಆದ ಇನ್ನೊಬ್ಬರನ್ನೂ ಕೂರಿಸಿ, ಆದಷ್ಟು ವಯಸ್ಸಾದವರನ್ನು. ಒಬ್ಬರ ಮಾತು ಒಬ್ಬರದೇ ರೂಢಿಯಾಗಿರಬಹುದು, ಅದರಲ್ಲೂ ಚೆನ್ನೈ ಸಿನಿಮಾ ನೋಡುವ ವಯಸ್ಸಿನವರಲ್ಲಿ ‘ಅದು’ ಬೇಗ ನುಗ್ಗುತ್ತದೆ.

ಸುಮಾ_ಸ್ಕಾರ್ಬರೋ

ಅವರ ಅತ್ತೆ ಇದ್ದಾರೆ, ಎಪ್ಪತ್ತು ದಾಟಿದೆ. ಭಾನುವಾರ ಊಟಕ್ಕೆ ಕರೆದಿದ್ದಾರೆ, ಲೋಟ ತಗೊಂಡೇ ಹೋಗ್ತೀನಿ.

ಶಾಲ್ಮಲಾ

ಅವ್ರು ತಮ್ಮ ಗಂಡಗ ‘ಇವರ್’ ಅಂತಾರೋ ‘ಉವರ್’ ಅಂತಾರೋ, ಅದನ್ನೂ ಕೇಳ್ಕೊಂಡ ಬರ್ರಿ.